ರಾಮಾಯಿ ದಿನ ಕೇಳಲು ಹೋದದ್ದು

ಕೊಯಮತ್ತೂರಿನ ಉಕ್ಕಡಂ ಕೆರೆಯ ದಂಡೆಗೆ ಹತ್ತಿದಂತಿದ್ದ ನೇಕಾರರ ಬೀದಿಯಲ್ಲಿ ರಾಮಾಯಿಯ ರಾಟೆಯ ಸದ್ದೇ ಕೋಳಿಯ ಕೂಗಿಗಿಂತ ಮೊದಲು ಕೇಳಿಸುತ್ತಿತ್ತು. ಅವಳು ಹುಟ್ಟಿದ ತಾರೀಖನ್ನು ಯಾರೂ ಬರೆದಿಡಲಿಲ್ಲ, ಬರೆದಿಡಬೇಕಾಗಿತ್ತು. ದೊಡ್ಡ ಕ್ಷಾಮ ಕಳೆದ ಮೂರನೆಯ ವರ್ಷ ಎಂದು ಅವಳ ತಾಯಿ ಹೇಳುತ್ತಿದ್ದಳಂತೆ. ಹಾಗಾದರೆ 1881 ಎಂದಿಟ್ಟುಕೊಳ್ಳಬಹುದು. ಗಂಡ ಸೆಲ್ಲಪ್ಪನ್ ಒಳ್ಳೆಯ ನೇಕಾರ. ಅವನು 1919ರಲ್ಲಿ ಜ್ವರದಿಂದ ತೀರಿಕೊಂಡ ಮೇಲೆ ರಾಮಾಯಿ ಬೀದಿಯ ಮಗ್ಗಗಳಿಗೆಲ್ಲ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಟ್ಟು ಒಬ್ಬನೇ ಮಗ ಮಾರಪ್ಪನನ್ನು ಬೆಳೆಸಿದಳು. ಮಗ ತಂದೆಯ ಮಗ್ಗಕ್ಕೆ ಕುಳಿತ. ಚಂದ್ರಾ ಸೊಸೆಯಾಗಿ ಬಂದಳು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಸೌಡಮ್ಮನ ಗುಡಿಯಲ್ಲಿ ಎರಡೂ ನಡೆಯುತ್ತಿತ್ತು.

1932ನೆಯ ಇಸವಿ ಫೆಬ್ರವರಿ 15, ಸೋಮವಾರ, ಮಾರಪ್ಪನಿಗೆ ಆರು ತಿಂಗಳ ಸಜೆಯಾಯಿತು. ಪರದೇಶಿ ಬಟ್ಟೆ ಮಾರುವ ಅಂಗಡಿಯ ಮುಂದೆ ಅಡ್ಡ ನಿಂತು, ಬಂದವರಿಗೆ ಕೈಮುಗಿದು, "ಇದನ್ನು ಕೊಳ್ಳಬೇಡಿ" ಎಂದದ್ದು ಅವನ ಅಪರಾಧ. ರಾಮಾಯಿ ಅತ್ತಳೋ ಇಲ್ಲವೋ ಬೀದಿಗೆ ತಿಳಿಯಲಿಲ್ಲ. ಮರುದಿನವೂ ರಾಟೆ ಅದೇ ಹೊತ್ತಿಗೆ ಸದ್ದು ಮಾಡಿತು. ಅದೇ ತಿಂಗಳ 23ರಂದು ಅವಳೂ ಚಂದ್ರಾಳೂ ಊರಿನ ದೊಡ್ಡ ಜೈಲಿಗೆ ಹೋಗಿ ಅವನನ್ನು ಒಮ್ಮೆ ನೋಡಿ ಬಂದರು. ಮುಂದಿನ ಭೇಟಿ ಮೂರು ತಿಂಗಳ ನಂತರ, ಮೇ 23ರಂದು ಎಂದು ಜೈಲಿನ ಗುಮಾಸ್ತರು ಹೇಳಿ ಕಳಿಸಿದರು.

ಆ ಮೇ 23ರವರೆಗೆ ಕಾಯಲಾಗದಂತೆ ಮಾಡಿದ್ದು ಅವಳ ಕಣ್ಣು.

ದೀಪದ ಸುತ್ತ ಬಣ್ಣದ ಬಳೆಗಳು ಕಾಣಿಸಿಕೊಂಡು ವರ್ಷವಾಗಿತ್ತು. ಅಕ್ಕಪಕ್ಕದ್ದೆಲ್ಲ ಸ್ವಲ್ಪ ಸ್ವಲ್ಪವಾಗಿ ಕತ್ತಲಾಗುತ್ತಾ ಬಂದು, ಈಗ ಬಿದಿರಿನ ಕೊಳವೆಯೊಳಗಿಂದ ನೋಡಿದಂತೆ ನಡುವಿನ ಒಂದಿಷ್ಟು ಮಾತ್ರ ಉಳಿದಿತ್ತು. ಕಂಡಿಕೆ ಸುತ್ತುವುದು ಬೆರಳಿನ ಕೆಲಸವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅವಳು ಅಂಗಳದಲ್ಲಿ ಮಲಗಿದ್ದ ಕರುವಿನ ಮೇಲೆಯೇ ಬಿದ್ದಾಗ ಚಂದ್ರಾ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕಣ್ಣಿನೊಳಗೆ ನೀರಿನ ಒತ್ತಡ ಏರಿದೆ, ಹೋದ ಬೆಳಕು ತಿರುಗಿ ಬರುವುದಿಲ್ಲ, ಇರುವುದನ್ನಾದರೂ ಉಳಿಸಬೇಕಾದರೆ ತಡಮಾಡದೆ ಮದರಾಸಿನ ಕಣ್ಣಾಸ್ಪತ್ರೆಯಲ್ಲಿ ಶಸ್ತ್ರ ಮಾಡಿಸಬೇಕು ಎಂದು ಡಾಕ್ಟರು ಹೇಳಿದರು. ಅಲ್ಲಿಗೆ ಒಂದು ಕಾಗದವನ್ನೂ ಬರೆದುಕೊಟ್ಟರು.

"ಶಸ್ತ್ರ ಮಾಡಿದರೆ ಉಳೀತದಾ, ಸಾಮಿ?" ಎಂದು ರಾಮಾಯಿ ಕೇಳಿದ್ದಳು.

"ಉಳಿಯಬಹುದು. ಉಳಿಯದೆಯೂ ಇರಬಹುದು. ಮಾಡದಿದ್ದರೆ ಖಂಡಿತ ಉಳಿಯುವುದಿಲ್ಲ."

ಮನೆಗೆ ಬರುವಾಗ ದಾರಿಯುದ್ದಕ್ಕೂ ಮಾತಾಡದ ರಾಮಾಯಿ, ಹೊಸಿಲಲ್ಲಿ ನಿಂತು ಸೊಸೆಗೆ ಹೇಳಿದಳು: "ಹೋಗೋಣ. ಆದರೆ ಮೊದಲು ಅವನ ಮೊಗ ಒಂದು ಸಾರಿ ನೋಡಬೇಕು. ಈ ಚೂರು ಬೆಳಕು ಇರೋವಾಗಲೇ ನೋಡಬೇಕು."

"ಅವರು ದಿನ ಕೊಟ್ಟಿರೋದು ಮೇ ತಿಂಗಳಲ್ಲಲ್ಲವಾ, ಅತ್ತೆ?"

"ಕೊಟ್ಟ ದಿನಾನ ಮುಂಚೆ ಮಾಡಿಕೊಡಿ ಅಂತ ಕೇಳೋದು. ಕೇಳಿದರೆ ಯಾರಾದರೂ ಹೊಡೀತಾರಾ?"

ಆ ಬೀದಿಯಲ್ಲಿ ದಿನ ಕೇಳುವುದಕ್ಕೊಂದು ಕ್ರಮವಿತ್ತು. ಮದುವೆಯ ದಿನವಾಗಲಿ, ಮಗ್ಗಕ್ಕೆ ಉದ್ದೆಳೆಗಳ ಹಾಸು ಹಾಕುವ ದಿನವಾಗಲಿ, ಹಿರಿಯರನ್ನು ಕೇಳಬೇಕಾದರೆ ಬರಿಗೈಯಲ್ಲಿ ಹೋಗುವಂತಿಲ್ಲ. ತಟ್ಟೆಯಲ್ಲಿ ವೀಳ್ಯ, ಬಾಳೆಹಣ್ಣು, ತೆಂಗಿನಕಾಯಿ ಇರಬೇಕು. ನಿಶ್ಚಯಿಸಿದ ದಿನವನ್ನು ಬದಲಿಸಿ ಎಂದು ಕೇಳುವುದಂತೂ ಇನ್ನೂ ದೊಡ್ಡದು. ಆಗ ತಟ್ಟೆಯ ಮೇಲೊಂದು ಹೊಸ ವಸ್ತ್ರವನ್ನೂ ಇಡಬೇಕು. ಒಳ್ಳೆಯದಕ್ಕೆ ಹೊರಡುವ ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು. ಈ ಕ್ರಮಗಳ ಕಾವಲುಗಾರ ರಾಮಾಯಿಯ ಮೈದುನ ಕೃಷ್ಣಸಾಮಿ. ಬೀದಿಯ ಯಜಮಾನ, ಹತ್ತು ಮಾತಾಡುವ ಕಡೆ ನೂರು ಮಾತಾಡುವವನು.

"ಸರ್ಕಾರದವರೇ ಆಗಲಿ, ದಿನ ಕೊಡೋ ಕೈ ಹಿರಿ ಕೈಯೇ, ಅತ್ತಿಗೆ," ಎಂದು ಅವನು ತಟ್ಟೆ ಸಿದ್ಧಪಡಿಸಿದ. ಅರಿಶಿನವನ್ನು ಮಾತ್ರ ರಾಮಾಯಿ ಬೇರೆಯವರ ಕೈಗೆ ಕೊಡಲಿಲ್ಲ. ಡಾಕ್ಟರು ಕೊಟ್ಟದ್ದಾದರೂ ಮಗನಿಗಾಗಿ ಹೊರಟ ಕಾಗದ. ತಾನೇ ಕಲಸಿ, ಬೆರಳಿನಿಂದ ಮೂಲೆ ತಡವಿ ತಡವಿ ದಂಡಿಯಾಗಿ ಹಚ್ಚಿದಳು.

ಏಪ್ರಿಲ್ 29, ಶುಕ್ರವಾರ. ಮೂವರೂ ಜಟಕಾದಲ್ಲಿ ಜೈಲಿನ ಬಾಗಿಲಿಗೆ ಬಂದಿಳಿದಾಗ ಬಿಸಿಲು ಆಗಲೇ ಸುಡುತ್ತಿತ್ತು. ಕಾವಲುಗಾರ ಅವರನ್ನು ಕಚೇರಿಯ ಪಡಸಾಲೆಗೆ ಬಿಟ್ಟ. ರಾಮಾಯಿಗೆ ಅಲ್ಲಿ ಮೊದಲು ತಿಳಿದದ್ದು ನಶ್ಯದ ವಾಸನೆ, ಆಮೇಲೆ ಲೇಖನಿಯ ಕರಕರ. ತಲೆ ಆಚೀಚೆ ತಿರುಗಿಸಿ ಹುಡುಕಿದಾಗ ಕೊಳವೆಯೊಳಗೆ ಒಂದು ಬಿಳಿಯ ಪೇಟ ಸಿಕ್ಕಿತು. ಅದರ ಕೆಳಗೆ ಕನ್ನಡಕ. ಗುಮಾಸ್ತರ ಹೆಸರು ಚೆನ್ನಕೇಶವನ್ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಅವರೊಡನೆ ಮಾತೆಲ್ಲ ತಮಿಳಿನಲ್ಲೇ ನಡೆಯಿತು.

ಕೃಷ್ಣಸಾಮಿ ಮುಂದೆ ಬಂದು ತಟ್ಟೆಯನ್ನು ಮೇಜಿನ ಮೇಲಿಟ್ಟು ಕೈಮುಗಿದ. ಲೇಖನಿಯ ಸದ್ದು ನಿಂತಿತು. ಕುರ್ಚಿ ಹಿಂದಕ್ಕೆ ಕಿರುಗುಟ್ಟಿತು.

"ಏನಯ್ಯಾ ಇದು?"

"ದಿನ ಕೇಳೋಕೆ ಬಂದಿದ್ದೇವೆ, ಸಾಮಿ."

"ತೆಗೆ! ತೆಗೆ ಮೊದಲು! ದೊರೆಗಳು ಈ ದಾರಿಯಲ್ಲೇ ಒಳಗೆ ಹೋಗುವವರು. ನನ್ನ ಮೇಜಿನ ಮೇಲೆ ತೆಂಗಿನಕಾಯಿ, ಪಂಚೆ! ಇಪ್ಪತ್ತೆರಡು ವರ್ಷದ ನೌಕರಿಗೆ ಇವತ್ತೇ ಕರ್ಪೂರ ಹಚ್ಚಬೇಕೆಂದಿದ್ದೀಯಾ?"

"ಲಂಚ ಅಲ್ಲ ಸಾಮಿ, ತಾಂಬೂಲ."

"ಹೊರಗೆ ತಾಂಬೂಲ. ಈ ಬಾಗಿಲೊಳಗೆ ಬಂದರೆ ಅದರ ಹೆಸರು ಬೇರೆ."

ಕಟ್ಟಿಕೊಂಡು ಬಂದ ಮಾತು ಕೈಕೊಟ್ಟದ್ದು ಕೃಷ್ಣಸಾಮಿಯ ಜೀವನದಲ್ಲಿ ಅದು ಮೊದಲ ಸಲವಿರಬೇಕು. ಅವನು ತಟ್ಟೆ ಎತ್ತಿಕೊಂಡು ಹೊರಗಿನ ಬೇವಿನ ಮರದಡಿಗೆ ಹೊರಟ. ಕಾಲಿನ ಸದ್ದು ದೂರವಾದದ್ದನ್ನು ರಾಮಾಯಿ ಕೇಳುತ್ತಾ ನಿಂತಳು. ಬಂದ ಕೆಲಸವೂ ಅವನ ಜೊತೆಗೇ ಹೊರಗೆ ಹೋಯಿತೆಂದುಕೊಂಡಳು. ಆದರೆ ಅವಳ ಕಾಲು ಕದಲಲಿಲ್ಲ.

"ಸಾಮಿ, ತಪ್ಪು ನಮ್ಮದು. ನಾನು ಮಾರಪ್ಪನ ತಾಯಿ. ಮೇ 23ಕ್ಕೆ ಅವನನ್ನು ನೋಡಲು ದಿನ ಕೊಟ್ಟಿದ್ದೀರಿ. ನಾನು ಭಾನುವಾರ ಸಂಜೆಯ ರೈಲಿಗೆ ಮದರಾಸಿಗೆ ಹೋಗಬೇಕು, ಕಣ್ಣಿನ ಶಸ್ತ್ರಕ್ಕೆ. ಹೋಗುವ ಮುಂಚೆ ನೋಡಲು ಆಗುತ್ತದಾ ಅಂತ ಕೇಳಲು ಬಂದೆ."

ಸ್ವಲ್ಪ ಹೊತ್ತು ಪುಟ ತಿರುವುವ ಸದ್ದು. "ಮಾರಪ್ಪನ್. ನೇಕಾರ. ಫೆಬ್ರವರಿ 23ಕ್ಕೆ ಒಂದು ಭೇಟಿ ಆಗಿದೆ. ನಿಜ, ಮುಂದಿನದು ಮೇ 23." ಅವರ ದನಿ ಈಗ ಕಚೇರಿಯ ದನಿಯಾಗಿತ್ತು. "ಅಮ್ಮಾ, ದಿನವನ್ನು ಮುಂಚೆ ಮಾಡುವ ಅಧಿಕಾರ ನನಗಿಲ್ಲ. ಸೂಪರಿಂಟೆಂಡೆಂಟ್ ದೊರೆಗಳಿಗಿದೆ. ವಿಶೇಷ ಕಾರಣವಿದ್ದರೆ, ಅದು ದಿಟವೆಂದು ಅವರಿಗೆ ಒಪ್ಪಿಗೆಯಾದರೆ, ಅವಧಿಗೆ ಮೊದಲೇ ಅನುಮತಿ ಕೊಡಬಹುದು. ನನ್ನ ಕೆಲಸ ಕಾಗದವನ್ನು ಅವರ ಮುಂದಿಡುವುದಷ್ಟೆ. ಕಾರಣಕ್ಕೆ ಸಾಕ್ಷಿ ಏನಿದೆ?"

"ಇದೆ ಸಾಮಿ, ತಂದಿದ್ದೇವೆ!" ಚಂದ್ರಾ ಮಡಿಲಿನಿಂದ ಡಾಕ್ಟರರ ಕಾಗದ ತೆಗೆದು ಕೊಟ್ಟಳು.

ಕಾಗದ ಬಿಡಿಸಿದ ಸದ್ದಾಯಿತು. ಆಮೇಲೆ ಅದನ್ನು ಆಚೀಚೆ ಮಗುಚಿದ ಸದ್ದು.

"ಅಮ್ಮಾ," ಎಂದರು ಗುಮಾಸ್ತರು ಕೊನೆಗೆ, "ಇದಕ್ಕೆ ಯಾರು ಅರಿಶಿನ ಹಚ್ಚಿದ್ದು?"

"ನಾನೇ. ಒಳ್ಳೆಯದಾಗಲಿ ಅಂತ."

"ಮೇಲಿನ ಮೂಲೆಯಲ್ಲಿ ಡಾಕ್ಟರು ತಾರೀಖು ಬರೆದಿದ್ದಾರೆ. ಕೆಳಗಿನ ಮೂಲೆಯಲ್ಲಿ ಸಹಿ ಹಾಕಿದ್ದಾರೆ. ಅರಿಶಿನದ ನೀರು ಎರಡನ್ನೂ ಕುಡಿದುಬಿಟ್ಟಿದೆ. ನಡುವೆ 'ಬರುವ ಸೋಮವಾರದೊಳಗೆ ಆಸ್ಪತ್ರೆ ಸೇರತಕ್ಕದ್ದು' ಎಂದಿದೆ. ಯಾವ ಸೋಮವಾರ? ತಾರೀಖಿಲ್ಲದ ಕಾಗದದಲ್ಲಿ ಎಲ್ಲ ಸೋಮವಾರವೂ ಒಂದೇ. ಸಹಿಯಿಲ್ಲದಿದ್ದರೆ ಬರೆದವರು ಯಾರೆಂದು ನಾನು ಹೇಳಲಿ? ಇದನ್ನು ಮೇಲಿಟ್ಟರೆ ದೊರೆಗಳು ಹಿಂದಕ್ಕೆಸೆಯುತ್ತಾರೆ."

ತಾರೀಖಿನ ಮಾತಿನಲ್ಲಿ ಗುಮಾಸ್ತರದೇ ಸರಿ ಎನ್ನದೆ ವಿಧಿಯಿಲ್ಲ. ರಾಮಾಯಿಗೂ ಅದು ಅರ್ಥವಾಯಿತು. ಬೆರಳ ತುದಿಯಲ್ಲಿ ಇನ್ನೂ ಉಳಿದಿದ್ದ ಹಳದಿಯನ್ನು ಸೀರೆಯ ಸೆರಗಿಗೆ ಒರಸಿಕೊಂಡಳು. ಮಗನ ಮುಖಕ್ಕೂ ತನಗೂ ನಡುವೆ ಅಡ್ಡ ನಿಂತದ್ದು ಸರ್ಕಾರವಲ್ಲ, ತನ್ನದೇ ಬೆರಳು.

"ಬೇರೆ ಬರೆಸಿಕೊಂಡು ಬರುತ್ತೇವೆ, ಸಾಮಿ," ಎಂದಳು ಚಂದ್ರಾ. ಅಷ್ಟರಲ್ಲಿ ಅವಳಿಗೇ ನೆನಪಾಯಿತು. "ಇಲ್ಲ... ಆ ಡಾಕ್ಟರು ನಿನ್ನೆಯೇ ರಜೆಯ ಮೇಲೆ ಊಟಿಗೆ ಹೊರಟರು. ಹೊರಡೋ ಅವಸರದಲ್ಲೇ ಬರೆದುಕೊಟ್ಟದ್ದು."

"ರೈಲಿನ ಟಿಕೆಟಾದರೂ ಇದೆಯೇ?"

"ಹೊರಡುವ ದಿನ ಬಂದು ತೆಗೆದುಕೊಳ್ಳಿ ಅಂದರು ಸ್ಟೇಷನ್ನಿನಲ್ಲಿ."

ಗುಮಾಸ್ತರು ನಶ್ಯ ಏರಿಸಿದರು. ರಾಮಾಯಿ ಕಾಗದಕ್ಕಾಗಿ ಕೈ ಚಾಚಿದಳು. ಅವರು ಅದನ್ನು ಅವಳ ಕೈಯ ಮುಂದೆಯೇ ಹಿಡಿದಿದ್ದರು. ಅವಳ ಕೈ ಮಾತ್ರ ಅದರ ಪಕ್ಕದ ಗಾಳಿಯನ್ನು ಒಮ್ಮೆ ಹಿಡಿಯಿತು, ಇನ್ನೊಮ್ಮೆ ಮಸಿಯ ಕುಡಿಕೆಗೆ ತಗುಲಿತು. ಕುಡಿಕೆ ಉರುಳುವಷ್ಟರಲ್ಲಿ ಅವರು ಹಿಡಿದುಕೊಂಡರು.

"ಅಮ್ಮಾ, ಈ ಕಾಗದ ನಿಮಗೆ ಕಾಣುತ್ತಿಲ್ಲವೇ?"

"ನೇರವಾಗಿ ಸಿಕ್ಕರೆ ಕಾಣುತ್ತದೆ, ಸಾಮಿ. ಹುಡುಕಬೇಕು."

ಅವರು ಅರಿಶಿನದ ಕಾಗದವನ್ನು ಮತ್ತೆ ನೋಡಿದಂತಿತ್ತು. ಮೂಲೆಗಳಲ್ಲಿ ಬೊಟ್ಟಿನಷ್ಟು ಇರಬೇಕಾದದ್ದು ಅಂಗೈಯಗಲ ಹರಡಿತ್ತು.

"ಕಣ್ಣು ಕಾಣುವವರು ಹಚ್ಚಿದ ಅರಿಶಿನವಲ್ಲ ಇದು," ಎಂದರು ಮೆಲ್ಲಗೆ, ಯಾರಿಗೂ ಅಲ್ಲದಂತೆ. ಆಮೇಲೆ ದನಿ ಏರಿಸಿ ಕಾವಲುಗಾರನನ್ನು ಕರೆದರು. "ನಮ್ಮ ಡಾಕ್ಟರು ಆಸ್ಪತ್ರೆಯ ಸುತ್ತು ಮುಗಿಸಿದ್ದರೆ ಬರಹೇಳು. ಕೆಲಸವಿದೆಯೆನ್ನು."

ಜೈಲಿನ ಕೈದಿಗಳನ್ನು ನೋಡಿಕೊಳ್ಳಲು ಒಳಗೇ ಒಬ್ಬ ಡಾಕ್ಟರಿದ್ದರು. ಬಂದವರು ಗೊಣಗುತ್ತಲೇ ಬಂದರು. "ನಾನು ನೋಡಬೇಕಾದದ್ದು ಕೈದಿಗಳನ್ನು, ಚೆನ್ನಕೇಶವನ್. ಕೈದಿಗಳ ತಾಯಂದಿರನ್ನೂ ನೋಡುತ್ತಾ ಕುಳಿತರೆ ಊರೇ ಬಂದೀತು."

"ಊರು ಬರುವುದು ಬೇಡ, ಇದೊಂದು ಕಣ್ಣು ನೋಡಿ ಸಾರ್. ಔಷಧ ಬೇಡ. ದಿಟವೋ ಸುಳ್ಳೋ ಅಷ್ಟೇ ಬೇಕು."

ಡಾಕ್ಟರು ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿದರು. ರೆಪ್ಪೆ ಮುಚ್ಚಿಸಿ, ಅದರ ಮೇಲಿಂದ ಎರಡು ಬೆರಳಲ್ಲಿ ಗುಡ್ಡೆಯನ್ನು ಹಣ್ಣು ನೋಡಿದಂತೆ ಒತ್ತಿ ನೋಡಿದರು. ಮೂಗಿನ ನೇರಕ್ಕೆ ನೋಡಲು ಹೇಳಿ, ಪಕ್ಕದಿಂದ ಕೈ ತಂದರು. "ಕಂಡರೆ ಹೇಳಿ... ಈಗ?... ಈಗಲೂ ಇಲ್ಲವೇ?" ಕೈ ಅವಳ ಮೂಗಿನ ಮುಂದೆಯೇ ಬಂದಾಗ "ಹಾಂ" ಎಂದಳು. ಡಾಕ್ಟರ ಗೊಣಗು ಆ ಹೊತ್ತಿಗೆ ನಿಂತಿತ್ತು.

"ಗುಡ್ಡೆ ಕಲ್ಲಾಗಿದೆ. ನಾಳೆ ಹೊರಟರೂ ತಡವೇ. ಕಾಗದ ಕೊಡಿ."

ನಿಂತಲ್ಲೇ ಬರೆದರು. ಗುಮಾಸ್ತರು ಅದನ್ನು ತೆಗೆದುಕೊಂಡು ಮೊದಲು ಮೇಲಿನ ಮೂಲೆ ನೋಡಿದರು. "ತಾರೀಖು?"

"ಹಾಕುತ್ತೇನಯ್ಯಾ. 29-4-1932. ಸಾಕೇ?"

"ಸಹಿಯ ಕೆಳಗೂ ಒಂದು ಹಾಕಿಬಿಡಿ. ಎರಡು ಕಡೆ ಇರಲಿ."

ಅರ್ಜಿಯನ್ನು ಗುಮಾಸ್ತರೇ ಬರೆದು, ಓದಿ ಹೇಳಿ, ರಾಮಾಯಿಯ ಹೆಬ್ಬೆರಳನ್ನು ತಾವೇ ಹಿಡಿದು ಸರಿಯಾದ ಜಾಗಕ್ಕೆ ಒತ್ತಿಸಿದರು. "ಒಂದು ಮಾತು ತಿಳಿದಿರಲಿ. ಅನುಮತಿ ಸಿಕ್ಕರೆ ಇದು ಹೆಚ್ಚಿನ ಭೇಟಿಯಲ್ಲ. ಮೇ 23ರದನ್ನೇ ಮುಂಚೆ ಕೊಟ್ಟದ್ದು. ಆ ದಿನ ಯಾರೂ ಬರುವಂತಿಲ್ಲ."

ರಾಮಾಯಿ ಚಂದ್ರಾಳ ಕಡೆಗೆ ತಿರುಗಿದಳು. ಈ ಹುಡುಗಿ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದುಕೊಂಡು ಮೇ 23ಕ್ಕೆ ಕಾಯುತ್ತಿದ್ದುದು ಅವಳಿಗೆ ಗೊತ್ತಿತ್ತು. ಈಗ ನೋಡಿದರೆ ಆಗಸ್ಟಿನವರೆಗೆ ಏನೂ ಇಲ್ಲ. ಕನ್ನಡದಲ್ಲಿ ಕೇಳಿದಳು: "ನೀನು ಏನ್ ಹೇಳ್ತೀಯ, ಮಗಳೇ? ನಿನ್ನ ದಿನಾನೂ ಇದರಲ್ಲಿ ಹೋಗ್ತದೆ."

"ನನ್ನ ಕಣ್ಣು ಎಲ್ಲೂ ಹೋಗಲ್ಲ ಅತ್ತೆ. ನಾನು ಆಮೇಲೆ ಎಷ್ಟು ಬೇಕಾದರೂ ನೋಡ್ತೀನಿ," ಎಂದಳು ಚಂದ್ರಾ. ದನಿ ಮಾತ್ರ ಒಂದು ಎಳೆ ಕಡಿದಂತೆ ನಡುವೆ ನಿಂತು ಮುಂದುವರಿಯಿತು.

ದೊರೆಗಳು ಮಧ್ಯಾಹ್ನಕ್ಕೆ ಮುಂಚೆ ಸಹಿ ಮಾಡಿದರು: ಏಪ್ರಿಲ್ 30, ಶನಿವಾರ ಬೆಳಿಗ್ಗೆ, ತಾಯಿ ಮತ್ತು ಹೆಂಡತಿ. ಹೊರಗೆ ಬಂದಾಗ ಬೇವಿನ ಮರದಡಿ ಕೃಷ್ಣಸಾಮಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಬಾಳೆಹಣ್ಣಿನ ಚಿಪ್ಪಿನಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು.

"ದಿನ ಸಿಕ್ಕಿತಾ, ಅತ್ತಿಗೆ?"

"ಸಿಕ್ಕಿತು."

"ನೋಡಿ! ತಾಂಬೂಲ ಬಾಗಿಲವರೆಗೆ ಹೋದದ್ದಕ್ಕೇ ಅಷ್ಟು ಫಲ!"

ಮರುದಿನ ಒಳಗೆ ಬಿಡುವ ಮೊದಲು ಗುಮಾಸ್ತರು ಷರತ್ತು ಹೇಳಿದರು. ವಸ್ತು ಏನೂ ಕೊಡಕೂಡದು. ಕಾಂಗ್ರೆಸ್ಸಿನ ಮಾತು ಬೇಡ. ಪಕ್ಕದಲ್ಲಿ ನಿಲ್ಲುವ ವಾರ್ಡರಿಗೆ ತಿಳಿಯುವ ಭಾಷೆಯಲ್ಲೇ ಮಾತಾಡಬೇಕು. "ಫೆಬ್ರವರಿಯಲ್ಲಿ ಕನ್ನಡ ಬಲ್ಲವರೊಬ್ಬರಿದ್ದರು. ಈಗ ಅವರಿಗೆ ವರ್ಗವಾಗಿದೆ. ತಮಿಳಲ್ಲಿ ಮಾತಾಡಿ ಅಮ್ಮಾ."

ತಮಿಳು ರಾಮಾಯಿಗೆ ಬಾರದ ಭಾಷೆಯಲ್ಲ. ಸಂತೆಯಲ್ಲಿ ಅದರಲ್ಲೇ ಜಗಳವಾಡಿದವಳು. ಆದರೆ ಹೆತ್ತ ಮಗನೊಡನೆ ಆ ಭಾಷೆಯಲ್ಲಿ ಅವಳು ಒಂದು ದಿನವೂ ಮಾತಾಡಿರಲಿಲ್ಲ. ಕಬ್ಬಿಣದ ಬಲೆಯ ಆಚೆ ಹೆಜ್ಜೆಯ ಸದ್ದಾಗಿ, ಮಾರಪ್ಪನ ಕೆಮ್ಮು ಕೇಳಿಸಿದಾಗ ಬಾಯಿಗೆ ಬಂದ ಕನ್ನಡವನ್ನೆಲ್ಲ ನುಂಗಿ, ಹೊಸ ಬೀಗಿತ್ತಿಯ ಕ್ಷೇಮ ವಿಚಾರಿಸುವವಳ ಹಾಗೆ ಗಂಭೀರವಾಗಿ ಕೇಳಿದಳು:

"ಸೌಕ್ಯಮಾ?"

ಆಚೆ ಮಾರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಚಂದ್ರಾ ನಕ್ಕಳು. ರಾಮಾಯಿಯೂ ನಕ್ಕಳು. ವಾರ್ಡರ್ ಮಾತ್ರ, ನಗುವಂಥದ್ದು ಏನಿದೆಯೆಂದು ಒಬ್ಬೊಬ್ಬರನ್ನೇ ನೋಡಿದ.

ನಗು ಇಳಿದ ಮೇಲೆ ಅವಳು ಹುಡುಕತೊಡಗಿದಳು. ಇಡೀ ಮುಖ ಕೊಳವೆಯೊಳಗೆ ಹಿಡಿಸುತ್ತಿರಲಿಲ್ಲ. ಬಲೆಯ ಒಂದು ಕಣ್ಣಿನಲ್ಲಿ ಮೂಗಿನ ತುದಿ ಸಿಕ್ಕಿತು. ತಲೆ ಸ್ವಲ್ಪ ವಾಲಿಸಿದರೆ ಗಲ್ಲ, ಇಳಿದಿದೆ. ಮೇಲಕ್ಕೆ ಹೋದರೆ ಬೋಳಿಸಿದ ತಲೆ; ಸೆಲ್ಲಪ್ಪನದೇ ಬುರುಡೆ. ಎಡ ಹುಬ್ಬಿನ ಮೇಲಿನ ಗಾಯದ ಕಲೆ ಮಾತ್ರ ಸಿಗಲಿಲ್ಲ. ಐದು ವರ್ಷದವನಾಗಿದ್ದಾಗ ಅಪ್ಪನ ಮಗ್ಗದಡಿ ತೂರಿ, ಹಾರಿ ಬಂದ ಲಾಳಿಯಿಂದ ಹೊಡೆಸಿಕೊಂಡದ್ದು.

"ಏನಮ್ಮಾ, ಕೋಳಿಯ ಹಾಗೆ ತಲೆ ಆಡಿಸುತ್ತೀಯ?" ಎಂದ ಮಾರಪ್ಪ ತಮಿಳಿನಲ್ಲಿ. ಹೇಳಿದ ಮಾತು ಅವನಿಗೇ ತಗುಲಿತು. "ಅಮ್ಮಾ... ನಿನಗೆ ಎಷ್ಟು ಕಾಣುತ್ತದೆ?"

ಹೇಳಬಾರದೆಂದು ಅವಳು ಚಂದ್ರಾಳಿಂದ ಆಣೆ ಮಾಡಿಸಿದ್ದಳು. ಈಗ ಮುಚ್ಚಿಡಲು ಉಳಿದದ್ದೇನಿತ್ತು?

"ನಿನ್ನಷ್ಟು ಕಾಣುತ್ತದೆ," ಎಂದಳು. "ಅಷ್ಟೇ ಬೇಕಾಗಿತ್ತು. ಇನ್ನು ಮದರಾಸಿಗೆ ಹೋಗಿ ಶಸ್ತ್ರ ಮಾಡಿಸಿಕೊಳ್ಳುತ್ತೇನೆ. ನೀನು ಸ್ವಲ್ಪ ಎಡಕ್ಕೆ ಬಾ."

ಅವನು ಬಂದ. ಅವನ ಕಣ್ಣಲ್ಲಿ ಬೆಳಕು ಹೊಳೆದದ್ದು ಅವಳಿಗೆ ಸಿಕ್ಕಿತು. ಅದು ನೀರೆಂದು ಅವಳಿಗೆ ತಿಳಿಯಿತು, ತಿಳಿದಂತೆ ತೋರಿಸಲಿಲ್ಲ. ಇನ್ನೂ ಎಡಕ್ಕೆ ಎಂದಳು. ಅಲ್ಲಿ ಕಂಬದ ನೆರಳಿತ್ತು.

"ಅತ್ತ ಬೇಡಪ್ಪಾ, ಇತ್ತ ಬಾ. ಕಿಟಕಿಯ ಕಡೆ," ಎಂದ ವಾರ್ಡರ್, ಕೇಳದೆಯೇ. ಅವನೇ ಮಾರಪ್ಪನ ಭುಜ ಹಿಡಿದು ಬೆಳಕಿಗೆ ತಿರುಗಿಸಿದ. "ಅಮ್ಮ ನೋಡಲಿ."

ಕಲೆ ಸಿಕ್ಕಿತು. ಅಲ್ಲಿಂದ ಹುಬ್ಬು, ಹುಬ್ಬಿನಿಂದ ಕಿವಿ, ಕಿವಿಯಿಂದ ದವಡೆ. ಹಾಸಿನ ಎಳೆಗಳನ್ನು ಒಂದೊಂದಾಗಿ ಮಗ್ಗದ ಹಣಿಗೆಗೆ ಪೋಣಿಸುವ ಹಾಗೆ ಅವಳು ಅವನನ್ನು ಪೋಣಿಸಿಕೊಂಡಳು. ಮಿಕ್ಕ ಹೊತ್ತನ್ನು ಚಂದ್ರಾಳಿಗೆ ಬಿಟ್ಟು, ಪಕ್ಕಕ್ಕೆ ಸರಿದು ಕಣ್ಣು ಮುಚ್ಚಿ ನಿಂತಳು. ಸಿಕ್ಕಿದ್ದು ಚೆಲ್ಲಬಾರದೆಂಬಂತೆ. ಗಂಡ ಹೆಂಡತಿ ತಮಿಳಿನಲ್ಲಿ, ಅಪರಿಚಿತರಂತೆ ಬಹುವಚನ ಹಾಕಿಕೊಂಡು, ಕರುವಿನ ವಿಷಯ, ಮಗ್ಗದ ವಿಷಯ ಮಾತಾಡಿದರು. ಆಡಬೇಕಾದದ್ದನ್ನು ಆಡಲಿಲ್ಲ.

ಶಸ್ತ್ರವಾದದ್ದು ಮೇ 6, ಶುಕ್ರವಾರ. ಬಲಗಣ್ಣು ಉಳಿಯಲಿಲ್ಲ. ಎಡಗಣ್ಣಿನಲ್ಲಿ ಕೊಳವೆಯ ಬೆಳಕು ಹೋಗಿ ಒಂದು ಮಬ್ಬು ಮಾತ್ರ ನಿಂತಿತು. ಹಗಲು ಯಾವುದು, ಬಾಗಿಲು ಯಾವುದು ಎನ್ನುವಷ್ಟು. ರಾಮಾಯಿ ಊರಿಗೆ ಬಂದು ಮತ್ತೆ ರಾಟೆಗೆ ಕುಳಿತಳು. ಬೆರಳುಗಳಿಗೆ ಏನೂ ಆಗಿರಲಿಲ್ಲ.

ಮಾರಪ್ಪ ಒಳ್ಳೆಯ ನಡತೆಗೆ ಸಿಕ್ಕ ರಿಯಾಯಿತಿಯ ದಿನ ಕಳೆದು ಆಗಸ್ಟ್ 9, ಮಂಗಳವಾರ ಬಿಡುಗಡೆಯಾದ. ಬೀದಿಯವರೆಲ್ಲ ಹಿಂದೆ ಬಂದರು. ಕೃಷ್ಣಸಾಮಿ ಎಲ್ಲರಿಗಿಂತ ಮುಂದೆ, ತಟ್ಟೆಯೊಡನೆ. ಮಾರಪ್ಪ ಹೊಸಿಲಲ್ಲಿ ನಿಂತ. ರಾಟೆ ನಿಂತಿತು. ಬಾಗಿಲ ಬೆಳಕನ್ನು ಮರೆಮಾಡಿದ ಆಕಾರದ ಕಡೆ ರಾಮಾಯಿ ಮುಖವೆತ್ತಿದಳು. ತಲೆ ಆಡಿಸಲಿಲ್ಲ, ಹುಡುಕಲಿಲ್ಲ.

"ಸೌಕ್ಯಮಾ?" ಎಂದಳು.

ಅವನು ನಗಲೆಂದು ಬಾಯಿ ತೆರೆದವನು ನಗಲಾರದೆ ಅವಳ ಮುಂದೆ ಕುಳಿತುಬಿಟ್ಟ. ಅವಳು ಕೈ ಚಾಚಿದಳು. ಈ ಸಲ ಗಾಳಿ ಹಿಡಿಯಲಿಲ್ಲ. ಬೆರಳು ನೇರವಾಗಿ ಎಡ ಹುಬ್ಬಿನ ಮೇಲಿನ ಕಲೆಗೇ ಹೋಗಿ ನಿಂತಿತು.